ಮತ ಗುಟ್ಟು, ಎಣಿಕೆ ಬಯಲು: ಪದಾಧಿಕಾರಿಗಳ ಚುನಾವಣೆಯನ್ನು ದಾಖಲಿಸುವ ಬಗೆ

2024ರ ಜನವರಿ 30ರಂದು ಚಂಡೀಗಢ ಮಹಾನಗರ ಪಾಲಿಕೆಯಲ್ಲಿ ಮೇಯರ್ ಆಯ್ಕೆಗೆ ಗುಪ್ತ ಮತದಾನ ನಡೆಯಿತು. ಮತ ಹಾಕಬೇಕಾದವರು 36 ಜನ: ಪಾಲಿಕೆಯ 35 ಸದಸ್ಯರು ಮತ್ತು ಅಲ್ಲಿನ ಸಂಸದರು. ಎಣಿಕೆ ಮುಗಿದ ಮೇಲೆ ಚುನಾವಣಾಧಿಕಾರಿ ಘೋಷಿಸಿದ ಫಲಿತಾಂಶ ಹೀಗಿತ್ತು: ಬಿಜೆಪಿಯ ಮನೋಜ್ ಸೋನ್‌ಕರ್ ಅವರಿಗೆ 16, ಆಮ್ ಆದ್ಮಿ ಮತ್ತು ಕಾಂಗ್ರೆಸ್ ಜಂಟಿ ಅಭ್ಯರ್ಥಿ ಕುಲದೀಪ್ ಕುಮಾರ್ ಅವರಿಗೆ 12, ತಿರಸ್ಕೃತ ಮತ 8. ಕೂಡಿ ನೋಡಿದರೆ ಸರಿಯಾಗಿ 36. ಕಾಗದದ ಮೇಲೆ ಎಲ್ಲಿಯೂ ಲೆಕ್ಕ ತಪ್ಪಿರಲಿಲ್ಲ.

ತಪ್ಪಿದ್ದದ್ದು ಆ 8ರಲ್ಲಿ. ಫೆಬ್ರುವರಿ 20ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಆ ಎಂಟು ಮತಪತ್ರಗಳನ್ನು ತರಿಸಿ ಕಣ್ಣಾರೆ ನೋಡಿದರು. ಎಂಟರಲ್ಲೂ ಮತದಾರರ ಮುದ್ರೆ ಕುಲದೀಪ್ ಕುಮಾರ್ ಹೆಸರಿನ ಕಡೆ ಸ್ಪಷ್ಟವಾಗಿ ಬಿದ್ದಿತ್ತು. ಅದರ ಜೊತೆಗಿದ್ದ ಶಾಯಿಯ ಗುರುತು ಮತದಾರರದ್ದಲ್ಲ, ಎಣಿಸಲು ಕೂತ ಚುನಾವಣಾಧಿಕಾರಿಯೇ ಪೆನ್ನಿನಿಂದ ಹಾಕಿದ್ದು. ಅವರು ಗುರುತು ಹಾಕುತ್ತಿದ್ದುದು ಕ್ಯಾಮೆರಾದಲ್ಲಿ ಸೆರೆಯಾಗಿತ್ತು. ಎಂಟೂ ಮತಗಳನ್ನು ಸೇರಿಸಿ 20–16ರಿಂದ ಕುಲದೀಪ್ ಕುಮಾರ್ ಗೆದ್ದಿದ್ದಾರೆಂದು ನ್ಯಾಯಾಲಯವೇ ಘೋಷಿಸಿತು. ಮರುಚುನಾವಣೆಗೆ ಆದೇಶಿಸಲಿಲ್ಲ. ಮತದಾನ ಸರಿಯಾಗಿಯೇ ನಡೆದಿದೆ, ಕೆಟ್ಟದ್ದು ಎಣಿಕೆ ಮಾತ್ರ, ಆದ್ದರಿಂದ ಎಣಿಕೆಯನ್ನಷ್ಟೇ ತಿದ್ದಿದರೆ ಸಾಕು ಎಂಬುದು ಅದರ ನಿಲುವು.

ಸಂಘ, ಸಹಕಾರಿ ಬ್ಯಾಂಕು, ನೌಕರರ ಒಕ್ಕೂಟ, ಅಪಾರ್ಟ್‌ಮೆಂಟ್ ನಿವಾಸಿಗಳ ಸಂಸ್ಥೆ, ಹೊರನಾಡಿನ ಕನ್ನಡ ಕೂಟ ಹೀಗೆ ಎಲ್ಲಿ ಪದಾಧಿಕಾರಿಗಳನ್ನು ಗುಪ್ತ ಮತದಾನದಿಂದ ಆರಿಸುತ್ತಾರೋ ಅಲ್ಲೆಲ್ಲ ಈ ಪ್ರಕರಣವನ್ನು ಓದಬೇಕು. ಚುನಾವಣೆಯ ದಾಖಲೆ ಎಂದರೆ ಗೆದ್ದವರ ಹೆಸರು, ಪಡೆದ ಮತ, ಕೊನೆಗೆ ಅಭಿನಂದನೆ ಎಂದಷ್ಟೇ ನಾವು ರೂಢಿ ಮಾಡಿಕೊಂಡಿದ್ದೇವೆ. ತುಸು ಶಿಸ್ತಿನ ಕಾರ್ಯದರ್ಶಿ ಇದ್ದರೆ ಒಟ್ಟು ಮತಗಳನ್ನೂ ಬರೆದು ಕೂಡಿಸಿ ತೋರಿಸುತ್ತಾರೆ. ಚಂಡೀಗಢದಲ್ಲಿ ಅದೂ ಇತ್ತು. ಇಲ್ಲದಿದ್ದದ್ದು ಒಂದೊಂದು ಮತವನ್ನು ಏಕೆ ತಿರಸ್ಕರಿಸಲಾಯಿತು, ಅದನ್ನು ಯಾರು ನೋಡಿದರು ಎಂಬ ಮಾತು. ಮತಪತ್ರಗಳು ಮತ್ತು ವಿಡಿಯೊ ಹೈಕೋರ್ಟಿನ ವಶಕ್ಕೆ ಬಾರದೇ ಇದ್ದಿದ್ದರೆ ಸತ್ಯ ಹೊರಬರುವುದು ಬಹಳ ಕಷ್ಟವಾಗುತ್ತಿತ್ತು.

ಇಷ್ಟಾದ ಮೇಲೆ ನನ್ನ ವಾದ ಇದು: ಗುಪ್ತ ಮತದಾನದ ದಾಖಲೆಯಲ್ಲಿ ಮತದಾರ ಪೂರ್ತಿ ಮರೆಯಾಗಿರಬೇಕು, ಎಣಿಕೆ ಪೂರ್ತಿ ಕಾಣಬೇಕು. ಎರಡನ್ನೂ ಸಾಧಿಸುವ ದಾಖಲೆಯನ್ನು ಚುನಾವಣೆ ಮುಗಿದ ಮೇಲೆ ನೆನಪಿನಿಂದ ಬರೆಯಲು ಬರುವುದಿಲ್ಲ. ಎಣಿಕೆಯ ಒಂದೊಂದು ಹಂತ ಮುಗಿದಂತೆ ಅಲ್ಲೇ ಬರೆಯಬೇಕು, ಘೋಷಣೆ ಅದರ ನಂತರ ಬರಬೇಕು.

ಒಂದು ಕಲ್ಪಿತ ಸಂಘವನ್ನು ಇಟ್ಟುಕೊಂಡು ನೋಡೋಣ. ಮತದಾನದ ಹಕ್ಕುಳ್ಳ ಸದಸ್ಯರು 212. ಅಧ್ಯಕ್ಷ ಸ್ಥಾನಕ್ಕೆ ಇಬ್ಬರು ಕಣದಲ್ಲಿದ್ದಾರೆ. ಕಾರ್ಯಕಾರಿ ಸಮಿತಿಯ ಐದು ಸ್ಥಾನಗಳಿಗೆ ಎಂಟು ಮಂದಿ ಇದ್ದಾರೆ. ಅಧ್ಯಕ್ಷರಿಗೆ ಬಿಳಿ ಮತಪತ್ರ, ಸಮಿತಿಗೆ ಹಳದಿ. ಕಾರ್ಯದರ್ಶಿ ಮತ್ತು ಖಜಾಂಚಿ ಸ್ಥಾನಗಳಿಗೆ ಒಬ್ಬೊಬ್ಬರದೇ ನಾಮಪತ್ರ ಉಳಿದಿದ್ದರಿಂದ ಅವರು ಅವಿರೋಧವಾಗಿ ಆಯ್ಕೆಯಾಗಿದ್ದಾರೆ. ಅದನ್ನು ಮತದಾನ ಶುರುವಾಗುವ ಮೊದಲೇ ನಡಾವಳಿಯಲ್ಲಿ ಬರೆದು ಮುಗಿಸಬೇಕು. ಸೂಚಕರು, ಅನುಮೋದಕರು, ನಾಮಪತ್ರ ಪರಿಶೀಲನೆ, ಹಿಂತೆಗೆತ ಇವನ್ನು ಎಲ್ಲರೂ ಬರೆಯುತ್ತಾರೆ, ಅಲ್ಲಿ ತೊಡಕು ಕಡಿಮೆ.

ತೊಡಕು ಶುರುವಾಗುವುದು ಚೀಟಿ ಕೊಡುವ ಮೇಜಿನಲ್ಲಿ. ಬಿಳಿ ಮತಪತ್ರ 225 ಮುದ್ರಿಸಿದ್ದಾರೆ. ಪಟ್ಟಿಯಲ್ಲಿ ಸಹಿ ಮಾಡಿ ಚೀಟಿ ಪಡೆದ ಸದಸ್ಯರು 164. ಆದರೆ ಕೊಟ್ಟ ಚೀಟಿಗಳು 166. ಇಬ್ಬರು ತಪ್ಪಾಗಿ ಗುರುತು ಹಾಕಿ, ಅದನ್ನು ಮರಳಿಸಿ ಹೊಸದು ಕೇಳಿ ಪಡೆದರು. ಆ ಎರಡು ಹಾಳಾದ ಚೀಟಿಗಳನ್ನು ಅಡ್ಡ ಗೆರೆ ಹೊಡೆದು ಬೇರೆ ಲಕೋಟೆಗೆ ಹಾಕಬೇಕು. ಉಳಿದ ಖಾಲಿ ಚೀಟಿ 59. ಈ ಮೂರು ಸಂಖ್ಯೆಗಳು, ಎಂದರೆ ಕೊಟ್ಟದ್ದು, ಹಾಳಾದದ್ದು, ಉಳಿದದ್ದು, ಪೆಟ್ಟಿಗೆ ತೆರೆಯುವ ಮುನ್ನವೇ ಬರಹಕ್ಕೆ ಬಂದಿರಬೇಕು. ಪೆಟ್ಟಿಗೆ ತೆರೆದ ಮೇಲೆ ಬರೆದರೆ ಲೆಕ್ಕ ಹೊಂದಿಸಲು ಬರೆದದ್ದು ಎಂಬ ಅನುಮಾನಕ್ಕೆ ಉತ್ತರವಿರುವುದಿಲ್ಲ.

ಮತದಾರನ ಗುಟ್ಟು ಹೆಚ್ಚಾಗಿ ಬಯಲಾಗುವುದೂ ಇದೇ ಮೇಜಿನಲ್ಲಿಯೇ. ಮತಪತ್ರದ ಮೇಲೆ ಕ್ರಮಸಂಖ್ಯೆ ಮುದ್ರಿಸಿ, ಅದೇ ಸಂಖ್ಯೆಯನ್ನು ಸದಸ್ಯರ ಹೆಸರಿನ ಮುಂದೆ ಬರೆದುಕೊಳ್ಳುವ ಅಭ್ಯಾಸ ಅನೇಕ ಸಂಘಗಳಲ್ಲಿದೆ. ನಕಲಿ ಚೀಟಿ ಬರಬಾರದೆಂಬ ಒಳ್ಳೆಯ ಉದ್ದೇಶದಿಂದಲೇ ಅದು ಬಂದಿದೆ. ಆದರೆ ಎಣಿಕೆಯ ಮೇಜಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡವರಿಗೆ ಯಾರ ಮತ ಯಾರಿಗೆ ಹೋಯಿತೆಂಬುದು ಗೊತ್ತಾಗುತ್ತದೆ. ಸಾರ್ವತ್ರಿಕ ಚುನಾವಣೆಯ ಮತಪತ್ರಗಳಿಗೂ ಕೌಂಟರ್‌ಫಾಯಿಲ್ ಸಂಖ್ಯೆ ಇದೆ ನಿಜ. ಅಲ್ಲಿ ಕೌಂಟರ್‌ಫಾಯಿಲ್‌ಗಳು ಬೇರೆಯೇ ಲಕೋಟೆಯಲ್ಲಿ ಸೀಲಾಗಿ ಹೋಗುತ್ತವೆ, ನ್ಯಾಯಾಲಯದ ಆದೇಶವಿಲ್ಲದೆ ಯಾರೂ ತೆರೆಯುವಂತಿಲ್ಲ. ಇನ್ನೂರು ಜನರ ಸಂಘದಲ್ಲಿ ಅಂಥ ಬಂದೋಬಸ್ತು ಇರುವುದಿಲ್ಲ. ಅಲ್ಲಿ ಸಂಖ್ಯೆ ಕೌಂಟರ್‌ಫಾಯಿಲ್ ಮೇಲೆ ಮಾತ್ರ ಇರಲಿ, ಚೀಟಿಯ ಬೆನ್ನಿಗೆ ಸಂಘದ ಮೊಹರು ಮತ್ತು ಚುನಾವಣಾಧಿಕಾರಿಯ ಸಹಿ ಸಾಕು. ನಕಲಿಯನ್ನು ಆ ಸಹಿಯೇ ಹಿಡಿದುಕೊಡುತ್ತದೆ. ಗುರುತು ಹಾಕಲು ಎಲ್ಲರಿಗೂ ಒಂದೇ ರಬ್ಬರ್ ಮೊಹರು ಕೊಡುವುದು ಇನ್ನೂ ಮೇಲು. ಹೆಸರು ಬರೆಯುವ ಪದ್ಧತಿಯಾದರೆ ಒಬ್ಬರನ್ನೊಬ್ಬರು ಬಲ್ಲ ಸಣ್ಣ ಸಂಘದಲ್ಲಿ ಕೈಬರಹವೇ ಮತದಾರನನ್ನು ತೋರಿಸಿಕೊಡುತ್ತದೆ.

ಪೆಟ್ಟಿಗೆ ತೆರೆದ ಕೂಡಲೇ ಯಾರಿಗೆ ಎಷ್ಟು ಎಂದು ನೋಡುವ ಆತುರ ಎಲ್ಲರಲ್ಲೂ ಇರುತ್ತದೆ. ಮೊದಲ ಎಣಿಕೆ ಮಾತ್ರ ಚೀಟಿಗಳನ್ನು ಬೋರಲು ಹಾಕಿಯೇ ನಡೆಯಬೇಕು. ಮಡಿಕೆ ಬಿಚ್ಚಿ, ಬೆನ್ನಿನ ಸಹಿ ನೋಡಿ, ಎಷ್ಟು ಚೀಟಿ ಎಂದಷ್ಟೇ ಎಣಿಸುವುದು. ನಮ್ಮ ಸಂಘದ ಪೆಟ್ಟಿಗೆಯಲ್ಲಿ 163 ಸಿಕ್ಕಿತು. ಕೊಟ್ಟ 166ರಲ್ಲಿ 2 ಹಾಳಾಗಿ ಮರಳಿ ಬಂದಿವೆ, ಉಳಿದದ್ದು 164. ಒಂದು ಕಡಿಮೆ. ಯಾರೋ ಚೀಟಿ ಪಡೆದು ಪೆಟ್ಟಿಗೆಗೆ ಹಾಕದೆ ಹೋಗಿದ್ದಾರೆ. ಇದು ಚುನಾವಣೆಯನ್ನು ಕೆಡಿಸುವುದಿಲ್ಲ, ಹಾಗೆಯೇ ಬರೆದರೆ ಮುಗಿಯಿತು. ಇದನ್ನು ಮುಚ್ಚಿ 163 ಕೊಟ್ಟೆವು, 163 ಬಂತು ಎಂದು ಬರೆದರೆ ಮಾತ್ರ ಕೆಡುತ್ತದೆ. ಸಹಿ ಪಟ್ಟಿಯಲ್ಲಿ 164 ಹೆಸರಿದೆ, ನಾಳೆ ಯಾರಾದರೂ ಎಣಿಸಿದರೆ ಇಡೀ ನಡಾವಳಿಯ ಮೇಲೆ ನಂಬಿಕೆ ಹೋಗುತ್ತದೆ.

ಕೊಟ್ಟದ್ದಕ್ಕಿಂತ ಹೆಚ್ಚು ಚೀಟಿ ಸಿಕ್ಕರೆ ವಿಷಯ ಬೇರೆ. ಬೆನ್ನಿನ ಸಹಿ ಇಲ್ಲದವನ್ನು ತೆಗೆದಿಟ್ಟ ಮೇಲೂ ಸಂಖ್ಯೆ ಹೆಚ್ಚೇ ಇದ್ದರೆ ಅಂತರವನ್ನು ನೋಡಬೇಕು. ಎರಡು ಚೀಟಿ ಹೆಚ್ಚಿದ್ದು ಗೆಲುವಿನ ಅಂತರ ನಲವತ್ತಾದರೆ ಆ ಎರಡು ಫಲಿತಾಂಶವನ್ನು ತಿರುಗಿಸಲಾರವು. ಅಂತರ ಎರಡೇ ಆಗಿದ್ದರೆ ಆ ಸ್ಥಾನಕ್ಕೆ ಮತ್ತೆ ಮತದಾನ ನಡೆಸುವುದೊಂದೇ ನ್ಯಾಯದ ದಾರಿ. ಈ ನಿಯಮವನ್ನು ಮತ ಎಣಿಸುವ ಮೊದಲೇ ಸಭೆಗೆ ತಿಳಿಸಿ ಬರೆದಿಟ್ಟರೆ ಅದು ಒಬ್ಬರ ಪರವಾಗಿ ಬಂದ ತೀರ್ಮಾನ ಅನ್ನಿಸುವುದಿಲ್ಲ.

ಇನ್ನು ಮುಖ ಮೇಲಾಗಿ ಎಣಿಕೆ. ಒಂದೇ ಸ್ಥಾನವಿದ್ದಾಗ ಕೆಲಸ ಹಗುರ: ಅಭ್ಯರ್ಥಿಗೊಂದು ಗುಡ್ಡೆ, ಅನುಮಾನದ ಚೀಟಿಗಳಿಗೆ ಒಂದು ತಟ್ಟೆ. ಗುಡ್ಡೆಯನ್ನು 25ರ ಬಂಡಲ್‌ಗಳಾಗಿ ಕಟ್ಟಿ, ಕಟ್ಟಿದವರಲ್ಲದೆ ಬೇರೊಬ್ಬರು ಮತ್ತೊಮ್ಮೆ ಎಣಿಸಬೇಕು. ಕಣ್ಣು ಇಡಬೇಕಾದದ್ದು ಅನುಮಾನದ ತಟ್ಟೆಯ ಮೇಲೆ.

1961ರ ಚುನಾವಣಾ ನಿರ್ವಹಣಾ ನಿಯಮಗಳು ಮತಪತ್ರವನ್ನು ಯಾವಾಗ ತಿರಸ್ಕರಿಸಬಹುದೆಂದು ಹೇಳುತ್ತವೆ. ಯಾರಿಗೂ ಗುರುತಿಲ್ಲ, ಒಬ್ಬರಿಗಿಂತ ಹೆಚ್ಚು ಜನರಿಗೆ ಗುರುತಿದೆ, ಗುರುತು ಯಾರಿಗೆಂದು ತಿಳಿಯದಂತೆ ಬಿದ್ದಿದೆ, ಮತದಾರ ಯಾರೆಂದು ತೋರಿಸುವ ಬರಹವಿದೆ, ಚೀಟಿ ನಕಲಿಯದು ಎಂಬವು ಅವುಗಳಲ್ಲಿ ಮುಖ್ಯವಾದವು. ಇವೇ ನಿಯಮಗಳಲ್ಲಿ ಇನ್ನೊಂದು ಮಾತಿದೆ, ಅದನ್ನು ಸಂಘಗಳು ಮರೆಯುತ್ತವೆ. ಗುರುತು ಮಸುಕಾಗಿದೆ ಅಥವಾ ಎರಡು ಸಲ ಬಿದ್ದಿದೆ ಎಂಬ ಒಂದೇ ಕಾರಣಕ್ಕೆ, ಮತದಾರರ ಇಂಗಿತ ಸ್ಪಷ್ಟವಿದ್ದಾಗ ಮತವನ್ನು ತಳ್ಳಿಹಾಕುವಂತಿಲ್ಲ. ಚಂಡೀಗಢದ ನಿಯಮದಲ್ಲೂ ತಿರಸ್ಕಾರಕ್ಕೆ ಇದ್ದ ಕಾರಣಗಳು ಮೂರೇ: ಒಬ್ಬರಿಗಿಂತ ಹೆಚ್ಚು ಅಭ್ಯರ್ಥಿಗಳಿಗೆ ಮತ, ಮತದಾರರನ್ನು ಗುರುತಿಸಬಲ್ಲ ಚಿಹ್ನೆ, ಯಾರಿಗೆ ಎಂಬ ಸಂದೇಹ. ಆ ಎಂಟರಲ್ಲಿ ಒಂದಕ್ಕೂ ಈ ಮೂರರಲ್ಲಿ ಯಾವುದೂ ಹೊಂದುತ್ತಿರಲಿಲ್ಲ. ಪ್ರತಿ ಚೀಟಿಯ ಎದುರು ಕಾರಣ ಬರೆಯಲೇಬೇಕಾಗಿದ್ದರೆ, ಏನು ಬರೆಯುವುದೆಂಬಲ್ಲಿಯೇ ಕೈ ನಿಲ್ಲಬೇಕಾಗಿತ್ತು.

ಆದ್ದರಿಂದ ಅನುಮಾನದ ತಟ್ಟೆಯ ಒಂದೊಂದು ಚೀಟಿಯನ್ನೂ ಅಭ್ಯರ್ಥಿಗಳ ಪ್ರತಿನಿಧಿಗಳಿಗೆ ಎತ್ತಿ ತೋರಿಸಬೇಕು. ಅವರು ಕೈಯಲ್ಲಿ ಹಿಡಿಯುವುದು ಬೇಡ, ನೋಡಿದರೆ ಸಾಕು. ತಿರಸ್ಕರಿಸಿದರೆ ಕಾರಣವನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು, ಆಕ್ಷೇಪ ಬಂದಿದ್ದರೆ ಅದನ್ನೂ ಬರೆದು ಸಹಿ ಪಡೆಯಬೇಕು. ಎಣಿಕೆಯ ಮೇಜಿನ ಮೇಲೆ ಬರೆಯುವವರ ಕೈಯಲ್ಲಿ ಬಿಟ್ಟು ಬೇರೆ ಯಾರ ಕೈಯಲ್ಲೂ ಪೆನ್ನು ಇರಬಾರದು. ಚಂಡೀಗಢದ ಪಾಠ ಅಷ್ಟು ಸರಳವಾದದ್ದು.

ಹಳದಿ ಚೀಟಿಯದು ಬೇರೆ ಲೆಕ್ಕ, ಬಹಳಷ್ಟು ನಡಾವಳಿಗಳು ಎಡವುವುದು ಅಲ್ಲಿ. ಐದು ಸ್ಥಾನ, ಒಬ್ಬ ಸದಸ್ಯ ಐವರವರೆಗೆ ಮತ ಹಾಕಬಹುದು. ಪೆಟ್ಟಿಗೆಯಲ್ಲಿ 163 ಚೀಟಿ, ತಿರಸ್ಕೃತ 5: ನಾಲ್ಕರಲ್ಲಿ ಆರು ಗುರುತುಗಳಿದ್ದವು, ಒಂದರಲ್ಲಿ ಸದಸ್ಯರೇ ಸಹಿ ಹಾಕಿದ್ದರು. ಸಿಂಧುವಾದ ಚೀಟಿ 158. ಅದರಿಂದ ಬರಬಹುದಾದ ಹೆಚ್ಚೆಂದರೆ 790 ಮತ. ಎಂಟು ಅಭ್ಯರ್ಥಿಗಳಿಗೆ ಬಂದದ್ದು 121, 113, 108, 97, 86, 86, 74, 57, ಒಟ್ಟು 742. ಉಳಿದ 48 ಮತಗಳನ್ನು ಸದಸ್ಯರು ಬಳಸಲಿಲ್ಲ, ಮೂವರಿಗೋ ನಾಲ್ವರಿಗೋ ಹಾಕಿ ಬಿಟ್ಟಿದ್ದಾರೆ. ಚೀಟಿಗಳ ಸಂಖ್ಯೆ ಒಂದು, ಮತಗಳ ಸಂಖ್ಯೆ ಇನ್ನೊಂದು ಎಂಬುದನ್ನು ಬಿಡಿಸಿ ಬರೆಯದಿದ್ದರೆ ಓದಿದವರಿಗೆ 163 ಜನ 742 ಮತ ಹಾಕಿದ್ದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಬಳಸದ 48ನ್ನು ತಿರಸ್ಕೃತ ಮತಕ್ಕೆ ಸೇರಿಸಿ ಬರೆದರೆ ಇನ್ನೂ ಗೊಂದಲ. ಸಂಖ್ಯೆ 790 ದಾಟಿದರೆ ಎಣಿಕೆಯಲ್ಲಿ ಖಂಡಿತ ತಪ್ಪಿದೆ ಎಂದು ಆ ಕ್ಷಣವೇ ತಿಳಿಯುತ್ತದೆ.

ಇಲ್ಲಿ ಗುಡ್ಡೆ ಹಾಕಲು ಬರುವುದಿಲ್ಲ, ಟ್ಯಾಲಿ ಶೀಟೇ ಬೇಕು. ಒಬ್ಬರು ಚೀಟಿ ಓದುತ್ತಾರೆ, ಇನ್ನೊಬ್ಬರು ಅವರ ಹೆಗಲ ಮೇಲಿಂದ ನೋಡುತ್ತಾರೆ, ಇಬ್ಬರು ಬೇರೆಬೇರೆ ಹಾಳೆಗಳಲ್ಲಿ ಗೆರೆ ಎಳೆಯುತ್ತಾರೆ. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಹತ್ತು ಚೀಟಿ ಆದ ಮೇಲೆ ನಿಲ್ಲಿಸಿ ಎರಡು ಹಾಳೆಗಳನ್ನು ಹೋಲಿಸಬೇಕು. ವ್ಯತ್ಯಾಸ ಬಂದರೆ ಹತ್ತೇ ಚೀಟಿ ಮತ್ತೆ ಓದಿದರಾಯಿತು. ನೂರೈವತ್ತೂ ಮುಗಿದ ಮೇಲೆ ಹೋಲಿಸಿದರೆ ತಪ್ಪು ಎಲ್ಲಿಂದ ಬಂತೆಂದು ಹುಡುಕಲು ಇಡೀ ಪೆಟ್ಟಿಗೆಯನ್ನು ಮತ್ತೆ ಓದಬೇಕು. ಆಗ ರಾತ್ರಿಯಾಗಿರುತ್ತದೆ, ಸಭೆ ಸಹನೆ ಕಳೆದುಕೊಂಡಿರುತ್ತದೆ, ಯಾರೋ ಒಬ್ಬರು ಅಂದಾಜಿನಲ್ಲಿ ಸರಿಮಾಡಿ ಮುಗಿಸಿಬಿಡುತ್ತಾರೆ.

ಎಣಿಕೆ ಮುಗಿಯಿತು. ಈಗ ಚುನಾವಣಾಧಿಕಾರಿ ಮತಗಳನ್ನು ಓದಿ ಹೇಳಬೇಕು, ಗೆದ್ದವರನ್ನು ಘೋಷಿಸಬಾರದು. ಇವೆರಡರ ನಡುವೆ ಒಂದು ಬಿಡುವು ಬೇಕು. ಸಾರ್ವತ್ರಿಕ ಚುನಾವಣೆಯ ನಿಯಮ ಇದನ್ನು ಚೆನ್ನಾಗಿ ಜೋಡಿಸಿದೆ: ಮತಗಳ ಮೊತ್ತ ಓದಿದ ಮೇಲೆ ಅಭ್ಯರ್ಥಿ ಕಾರಣ ಕೊಟ್ಟು ಲಿಖಿತವಾಗಿ ಮರು ಎಣಿಕೆ ಕೇಳಬಹುದು, ಅಧಿಕಾರಿ ಒಪ್ಪಬಹುದು ಅಥವಾ ಕಾರಣ ಬರೆದು ನಿರಾಕರಿಸಬಹುದು. ಫಲಿತಾಂಶ ಹಾಳೆಗೆ ಸಹಿ ಬಿದ್ದ ಮೇಲೆ ಆ ಬಾಗಿಲು ಮುಚ್ಚುತ್ತದೆ. ಸಂಘಗಳಲ್ಲಿ ಮೊತ್ತ ಓದುವುದೇ ಘೋಷಣೆ, ಘೋಷಣೆಯ ಹಿಂದೆಯೇ ಹಾರ. ಹಾರ ಹಾಕಿಸಿಕೊಂಡವರ ಎದುರು ಮರು ಎಣಿಕೆ ಕೇಳುವುದು ಯಾರಿಗೂ ಮುಜುಗರವೇ. ಹತ್ತು ನಿಮಿಷ ಬಿಟ್ಟು, ಆ ಅವಧಿಯಲ್ಲಿ ಯಾರೂ ಮರು ಎಣಿಕೆ ಕೇಳಲಿಲ್ಲ ಎಂದು ಒಂದು ಸಾಲು ಬರೆದರೆ ಮುಂದಿನ ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ.

ಅಮೆರಿಕದ ಹೆನ್ರಿ ರಾಬರ್ಟ್ 1876ರಲ್ಲಿ ಬರೆದ ಸಭಾ ನಿಯಮಗಳ ಪುಸ್ತಕವನ್ನು ಅಲ್ಲಿನ ಸಂಘಸಂಸ್ಥೆಗಳು ಇಂದೂ ಅನುಸರಿಸುತ್ತವೆ, ಅಲ್ಲಿರುವ ಕನ್ನಡ ಕೂಟಗಳಿಗೂ ಅದು ಅಪರಿಚಿತವಲ್ಲ. ಅದರ ಪದ್ಧತಿಯಲ್ಲಿ ಎಣಿಕೆದಾರರು ವರದಿಯನ್ನು ಓದುತ್ತಾರೆ, ಘೋಷಣೆ ಮಾತ್ರ ಸಭಾಧ್ಯಕ್ಷರದು. ಎಣಿಕೆ ವರದಿ ಪೂರ್ತಿಯಾಗಿ ನಡಾವಳಿಗೆ ಸೇರಬೇಕು. ಸೋತವರಿಗೆ ಮುಜುಗರವಾಗಬಾರದೆಂದು ಅವರ ಮತಗಳನ್ನು ಬರೆಯದೆ ಬಿಡುವ ಸೌಜನ್ಯ ನಮ್ಮಲ್ಲಿದೆ. ಅದು ತಪ್ಪು ಸೌಜನ್ಯ. 57 ಮತ ಬಂದವರ ಸಂಖ್ಯೆ ಬಿಟ್ಟರೆ 742 ಎಲ್ಲಿಂದ ಬಂತೆಂದು ತೋರಿಸಲಾಗುವುದಿಲ್ಲ.

ನಮ್ಮ ಸಂಘದಲ್ಲಿ ಐದನೆಯ ಸ್ಥಾನಕ್ಕೆ ಇಬ್ಬರಿಗೂ 86. ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಸಮಬಲ ಬಂದಾಗ ಚೀಟಿ ಎತ್ತಿ, ಅದೃಷ್ಟ ಯಾರ ಕಡೆ ಬಿತ್ತೋ ಅವರಿಗೆ ಒಂದು ಮತ ಹೆಚ್ಚು ಬಂದಂತೆ ಎಣಿಸಬೇಕು. ಸಂಘದ ಬೈಲಾದಲ್ಲಿ ಬೇರೆ ದಾರಿ ಹೇಳಿರಬಹುದು, ಅದನ್ನು ಮೊದಲು ನೋಡಬೇಕು. ಚೀಟಿ ಎತ್ತುವುದೂ ಎಣಿಕೆಯಷ್ಟೇ ಬಯಲಾಗಿ ನಡೆಯಬೇಕು. ತಮಿಳುನಾಡಿನ ಉತ್ತರಮೇರೂರಿನ ಶಾಸನ ಇದಕ್ಕೆ ಹಳೆಯ ಮಾದರಿ. ಒಂದನೇ ಪರಾಂತಕ ಚೋಳನ ಕಾಲದ, ಹತ್ತನೇ ಶತಮಾನದ ಈ ಬರಹ ಊರ ಸಭೆಯ ಸಮಿತಿಗಳಿಗೆ ಓಲೆಚೀಟಿ ಎತ್ತಿ ಆರಿಸುವ ಕ್ರಮವನ್ನು ಗುಡಿಯ ಗೋಡೆಯ ಮೇಲೆ ದಾಖಲಿಸಿದೆ. ಓಲೆಗಳ ಮಡಕೆಯನ್ನು ಸಭೆಗೆಲ್ಲ ಕಾಣುವಂತೆ ಎತ್ತಿ ಹಿಡಿಯಬೇಕು, ಒಳಗೇನಿದೆ ಎಂದರಿಯದ ಬಾಲಕ ಓಲೆ ತೆಗೆಯಬೇಕು, ಅದನ್ನು ಪಡೆಯುವ ಮಧ್ಯಸ್ಥ ಐದೂ ಬೆರಳು ಅಗಲಿಸಿದ ಅಂಗೈಯಲ್ಲಿ ಪಡೆಯಬೇಕು, ಅವನು ಓದಿದ ಮೇಲೆ ಅಲ್ಲಿರುವ ಅರ್ಚಕರೂ ಓದಬೇಕು. ಕೈಯಲ್ಲಿ ಬೇರೆ ಓಲೆ ಬಚ್ಚಿಟ್ಟುಕೊಳ್ಳಲು ಬಾರದಂತೆ ಬೆರಳು ಅಗಲಿಸಬೇಕೆಂದು ಸಾವಿರ ವರ್ಷಗಳ ಹಿಂದೆ ಕಲ್ಲಿನ ಮೇಲೆ ಬರೆಸಿದವರು ಎಣಿಕೆಯ ಮೇಜಿನ ಅಪಾಯ ಎಲ್ಲಿದೆ ಎಂದು ಬಲ್ಲವರಾಗಿದ್ದರು.

ಇಷ್ಟೂ ಆದ ಮೇಲೆ ನಡಾವಳಿ ಪುಸ್ತಕದಲ್ಲಿ ಅಧ್ಯಕ್ಷ ಸ್ಥಾನದ ಬಗ್ಗೆ ಬರುವ ಭಾಗ ಹೆಚ್ಚೆಂದರೆ ಹೀಗಿರುತ್ತದೆ:

“ಅಧ್ಯಕ್ಷ ಸ್ಥಾನಕ್ಕೆ ಇಬ್ಬರು ಕಣದಲ್ಲಿ ಉಳಿದ ಕಾರಣ ಬೈಲಾ ಪ್ರಕಾರ ಗುಪ್ತ ಮತದಾನ ನಡೆಸಲಾಯಿತು. ಖಾಲಿ ಮತಪೆಟ್ಟಿಗೆಯನ್ನು ಸಭೆಗೆ ತೋರಿಸಿ ಸೀಲು ಮಾಡಲಾಯಿತು. ಮುದ್ರಿಸಿದ ಮತಪತ್ರ 225, ಕೊಟ್ಟದ್ದು 166, ಹಾಳಾಗಿ ಮರಳಿದ್ದು 2, ಉಳಿದದ್ದು 59. ಸಹಿ ಮಾಡಿದ ಸದಸ್ಯರು 164. ಪೆಟ್ಟಿಗೆಯಲ್ಲಿ ದೊರೆತದ್ದು 163. ಒಂದು ಮತಪತ್ರ ಪೆಟ್ಟಿಗೆಗೆ ಬಂದಿಲ್ಲ. ತಿರಸ್ಕೃತ 3: ಗುರುತಿಲ್ಲದ್ದು 2, ಇಬ್ಬರಿಗೂ ಗುರುತು ಹಾಕಿದ್ದು 1, ಮೂರನ್ನೂ ಇಬ್ಬರು ಅಭ್ಯರ್ಥಿಗಳ ಪ್ರತಿನಿಧಿಗಳು ನೋಡಿ ಒಪ್ಪಿದ್ದಾರೆ. ಸಿಂಧುವಾದ ಮತ 160. ಮೊದಲ ಅಭ್ಯರ್ಥಿಗೆ 84 (ಎಂಬತ್ತನಾಲ್ಕು), ಎರಡನೇ ಅಭ್ಯರ್ಥಿಗೆ 76 (ಎಪ್ಪತ್ತಾರು). ಮರು ಎಣಿಕೆಗೆ ಅವಕಾಶ ನೀಡಲಾಯಿತು, ಯಾರೂ ಕೋರಲಿಲ್ಲ. ಮೊದಲ ಅಭ್ಯರ್ಥಿಯು ಅಧ್ಯಕ್ಷರಾಗಿ ಆಯ್ಕೆಯಾಗಿದ್ದಾರೆಂದು ಚುನಾವಣಾಧಿಕಾರಿ ಸಂಜೆ 6.40ಕ್ಕೆ ಘೋಷಿಸಿದರು.”

ಅಭ್ಯರ್ಥಿಗಳ ಹೆಸರು ಹಾಕಿಕೊಂಡರೆ ಇದೇ ಮಾದರಿ ಯಾವ ಸಂಘಕ್ಕೂ ಆದೀತು. ಹೊತ್ತನ್ನು ಬರೆಯುವುದು ಏಕೆಂದರೆ ಆಯ್ಕೆ ಜಾರಿಗೆ ಬರುವುದು ಘೋಷಣೆಯಿಂದ. ಮುಂದಿನ ಸಭೆಯಲ್ಲಿ ನಡಾವಳಿಯನ್ನು ಓದಿ ಒಪ್ಪುವುದು ಬರೆದದ್ದು ನಡೆದಂತೆಯೇ ಇದೆಯೇ ಎಂದು ನೋಡಲು ಮಾತ್ರ, ಅಲ್ಲಿ ಫಲಿತಾಂಶವನ್ನೇ ಮತಕ್ಕೆ ಹಾಕಲು ಅವಕಾಶವಿಲ್ಲ. ಬ್ಯಾಂಕು ಖಾತೆಯ ಸಹಿ ಬದಲಿಸುವಾಗ, ನೋಂದಣಾಧಿಕಾರಿಗೆ ಹೊಸ ಆಡಳಿತ ಮಂಡಳಿಯ ಪಟ್ಟಿ ಸಲ್ಲಿಸುವಾಗ ಕೇಳುವುದು ಈ ಪುಟದ ನಕಲನ್ನೇ.

ನಡಾವಳಿಯಲ್ಲಿ ಬರೆಯಬಾರದ ಮಾತುಗಳೂ ಇವೆ. ಇಂಥ ಬಡಾವಣೆಯ ಸದಸ್ಯರು ಒಟ್ಟಾಗಿ ಇವರಿಗೆ ಹಾಕಿದರು, ಯಾರ ಚೀಟಿ ತಿರಸ್ಕೃತವಾಯಿತು, ಚೀಟಿಯ ಮೇಲೆ ಸಹಿ ಹಾಕಿದ ಸದಸ್ಯರ ಹೆಸರೇನು ಎಂಬವನ್ನು ಬರೆಯಬಾರದು. ಕೊನೆಯದನ್ನು ಅಮಾಯಕವಾಗಿ ಬರೆದುಬಿಡುವವರಿದ್ದಾರೆ. ಮತ ಅಸಿಂಧುವಾದರೂ ಆ ಸದಸ್ಯರ ಗುಟ್ಟು ಗುಟ್ಟೇ. ಮತದ ಗೋಪ್ಯತೆ ಮತದಾರರ ಹಕ್ಕು, ಬೇಕಾದರೆ ಅವರೇ ಬಿಟ್ಟುಕೊಡಬಹುದು, ಬೇರೆಯವರು ಬಿಡಿಸುವಂತಿಲ್ಲ ಎಂಬುದು 1980ರಷ್ಟು ಹಿಂದೆಯೇ ರಘುಬೀರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು.

ಘೋಷಣೆ ಆದ ಮೇಲೆ ಚೀಟಿಗಳನ್ನು ಹರಿದು ಬುಟ್ಟಿಗೆ ಹಾಕುವುದು ಇನ್ನೊಂದು ರೂಢಿ. ಗೋಪ್ಯತೆ ಕಾಯಲು ಹಾಗೆ ಮಾಡುತ್ತೇವೆ ಎನ್ನುತ್ತಾರೆ. ಚಂಡೀಗಢದಲ್ಲಿ ಹಾಗೆ ಹರಿದಿದ್ದರೆ 16–12 ಶಾಶ್ವತವಾಗಿ ಉಳಿಯುತ್ತಿತ್ತು. ಸಿಂಧುವಾದವು, ತಿರಸ್ಕೃತವಾದವು, ಹಾಳಾದವು, ಉಳಿದವು ಎಂದು ಬೇರೆಬೇರೆ ಲಕೋಟೆ ಮಾಡಿ, ಟ್ಯಾಲಿ ಶೀಟ್ ಜೊತೆಗಿಟ್ಟು, ಮಡಿಕೆಯ ಮೇಲೆ ಚುನಾವಣಾಧಿಕಾರಿ ಮತ್ತು ಪ್ರತಿನಿಧಿಗಳು ಸಹಿ ಹಾಕಿ ಸೀಲು ಮಾಡಬೇಕು. ಗೆದ್ದ ಅಧ್ಯಕ್ಷರ ಕಪಾಟಿನಲ್ಲಿ ಅದನ್ನು ಇಡಬಾರದು. ಆಕ್ಷೇಪಣೆಗೆ ಕಾಯ್ದೆ ಅಥವಾ ಬೈಲಾ ಕೊಟ್ಟ ಅವಧಿ ಮುಗಿದ ಮೇಲೆ, ದಾವೆ ಇಲ್ಲದಿದ್ದರೆ, ಸಾಕ್ಷಿಗಳ ಎದುರು ನಾಶಮಾಡಿ ಅದನ್ನೂ ಒಂದು ಸಾಲಾಗಿ ಬರೆಯಬೇಕು.

ಚಂಡೀಗಢದ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2025ರ ಜನವರಿಯ ಚುನಾವಣೆಗೆ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ವೀಕ್ಷಕರಾಗಿ ನೇಮಿಸಿತು. ಗುಪ್ತ ಮತದಾನವೇ ನಡೆಯಿತು. 19–17ರಿಂದ ಬಿಜೆಪಿಯ ಹರ್‌ಪ್ರೀತ್ ಕೌರ್ ಬಬ್ಲಾ ಗೆದ್ದರು. ಅಡ್ಡಮತದಾನ ಆಗಿತ್ತು, ಆದರೆ ಎಣಿಕೆಯ ಬಗ್ಗೆ ಹಿಂದಿನ ವರ್ಷದಂಥ ತಕರಾರು ಬರಲಿಲ್ಲ. ಅದೇ ವರ್ಷ ಅಲ್ಲಿನ ನಿಯಮ ತಿದ್ದಿ ಗುಪ್ತ ಮತದಾನದ ಬದಲು ಕೈ ಎತ್ತುವ ಪದ್ಧತಿ ತಂದರು. ಬೆಂಗಳೂರಿನ ಮೇಯರ್ ಚುನಾವಣೆಗಳಲ್ಲೂ ಕೈ ಎತ್ತುವುದೇ ರೂಢಿಯಾಗಿತ್ತು. ಪಕ್ಷದ ಟಿಕೆಟ್ ಮೇಲೆ ಗೆದ್ದು ಬಂದವರು ಬಹಿರಂಗವಾಗಿ ಮತ ಹಾಕಲಿ ಎಂಬ ವಾದಕ್ಕೆ ಅರ್ಥವಿದೆ. ಆದರೆ 2024ರಲ್ಲಿ ಕೆಟ್ಟದ್ದು ಮತದಾರರ ಗುಟ್ಟಿನಿಂದಲ್ಲ, ಎಣಿಸುವವರ ಪೆನ್ನಿನಿಂದ. ಅದಕ್ಕೆ ಮದ್ದು ಎಣಿಕೆಯ ಮೇಜಿನಲ್ಲಿತ್ತು. ಪಕ್ಷವೇ ಇಲ್ಲದ, ದಿನಬೆಳಗಾದರೆ ಒಬ್ಬರ ಮುಖ ಒಬ್ಬರು ನೋಡಬೇಕಾದ ಸಂಘಗಳು ಈ ತಿದ್ದುಪಡಿಯನ್ನು ಮಾದರಿ ಮಾಡಿಕೊಳ್ಳಬಾರದು.

ನಿಮ್ಮ ಸಂಘದ ಮುಂದಿನ ಸರ್ವಸದಸ್ಯರ ಸಭೆಗೆ ಮುನ್ನ ಹಿಂದಿನ ಚುನಾವಣೆಯ ನಡಾವಳಿ ತೆಗೆದು ಓದಿ. ತಿರಸ್ಕೃತ ಮತಗಳ ಎದುರು ಕಾರಣ ಬರೆದಿಲ್ಲದಿದ್ದರೆ, ಚುನಾವಣಾಧಿಕಾರಿಯನ್ನು ನೇಮಿಸುವ ದಿನವೇ ಕಾರಣ ಬರೆಯುವ ಹಾಳೆಯನ್ನು ಮುದ್ರಿಸಿ ಅವರ ಕೈಗೆ ಕೊಡಿ.